ಮೊದಲ ಮೂರು ದಿನ ಅರ್ಧ ಬೆಲೆ

ಹುಬ್ಬು ತೀಡುವ ದಾರವನ್ನು ಹಲ್ಲಿಗೂ ಬೆರಳಿಗೂ ಸಿಕ್ಕಿಸಿಕೊಂಡು ಹದಿನೇಳು ವರ್ಷ ದುಡಿದವಳಿಗೆ ಪಾರ್ಲರಿನಲ್ಲಿ ಬಿದ್ದ ಹೆಸರು ನೂಲಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎನ್ನುವ ಮಾತು ಇವಳ ಕೈ ನೋಡಿಯೇ ಹುಟ್ಟಿರಬೇಕು ಎಂದು ಗಿರಾಕಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ಹಲ್ಲಿನ ನಡುವೆ ದಾರ ಇರುತ್ತಿದ್ದುದರಿಂದ ಆ ನಗು ಪೂರ್ತಿ ಹೊರಗೆ ಬರುತ್ತಿರಲಿಲ್ಲ.

ಪಾರ್ಲರಿನ ಒಡತಿಯನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು. ನೂಲಕ್ಕನಿಗಿಂತ ಆರು ವರ್ಷ ಚಿಕ್ಕವಳು, ಚುರುಕು ಹೆಂಗಸು. ಎರಡನೆಯ ಶಾಖೆ ತೆರೆಯಬೇಕು ಎಂದು ಅವಳು ತೀರ್ಮಾನಿಸಿದಾಗ ಜಾಗ ಹುಡುಕಿದ್ದು ನೂಲಕ್ಕ ವಾಸವಾಗಿದ್ದ ಬಡಾವಣೆಯಲ್ಲೇ. ಕಾರಣವನ್ನೂ ಮುಚ್ಚಿಡಲಿಲ್ಲ. "ಆ ಕಡೆ ನನ್ನ ಮುಖ ಯಾರಿಗೂ ಗೊತ್ತಿಲ್ಲ ನೂಲಕ್ಕ. ನಿಮ್ಮನ್ನ ಗೊತ್ತಿಲ್ಲದವರಿಲ್ಲ. ಶಾಖೆ ನೀವೇ ನೋಡ್ಕೊಳ್ಳಿ. ಜನ ಬರೋದು ನಿಮ್ಮ ಮುಖ ನೋಡಿ."

ಹದಿನೇಳು ವರ್ಷ ಕುರ್ಚಿಯ ಹಿಂದೆ ನಿಂತವಳಿಗೆ ಕೊನೆಗೂ ಕೌಂಟರಿನ ಹಿಂದೆ ಕೂರುವ ಯೋಗ ಬಂದಿತ್ತು. ನೂಲಕ್ಕ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ತೆರೆಯುವುದಕ್ಕೆ ಹತ್ತು ದಿನ ಇತ್ತು. ಹೊಸ ಅಂಗಡಿಯಲ್ಲಿ ಗೋಡೆಗೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ, ತಲೆ ತೊಳೆಯುವ ಬೇಸಿನ್ನಿಗೆ ನೀರಿನ ಪೈಪು ಬಂದಿರಲಿಲ್ಲ. ಅಂಥ ಕೋಣೆಯಲ್ಲಿ ಇಬ್ಬರೂ ಎರಡು ಸ್ಟೂಲು ಹಾಕಿಕೊಂಡು ಪ್ರಕಟಣೆ ಬರೆಯಲು ಕುಳಿತರು. ಒಂದೇ ಬರಹವನ್ನು ಮೂರು ಕಡೆ ಬಳಸುವುದೆಂದು ಮಾತಾಯಿತು: ವಾಟ್ಸಾಪಿಗೆ, ಮನೆ ಮನೆಗೆ ಹಂಚುವ ಕರಪತ್ರಕ್ಕೆ, ಅಂಗಡಿಯ ಗಾಜಿಗೆ ಅಂಟಿಸುವ ಪೋಸ್ಟರಿಗೆ.

ಬರೆದದ್ದನ್ನು ನೂಲಕ್ಕ ಗಟ್ಟಿಯಾಗಿ ಓದಿದಳು. ನಿಮ್ಮ ಬಡಾವಣೆಯಲ್ಲಿ ನಮ್ಮ ಹೊಸ ಶಾಖೆ. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ಎಲ್ಲ ಸೇವೆಗೂ ಅರ್ಧ ಬೆಲೆ. ಪರಿಚಯದವರನ್ನು ಕಳಿಸಿ, ಇಬ್ಬರೂ ಲಾಭ ಪಡೆಯಿರಿ: ಕಾರ್ಡ್ ತಂದವರಿಗೆ ಹುಬ್ಬು ಉಚಿತ, ಐದು ಜನರನ್ನು ಕಳಿಸಿದವರಿಗೆ ತಲೆಗೂದಲ ಬಣ್ಣ ಉಚಿತ. ಕೊನೆಯ ಸಾಲು: ಕೂದಲಿಗೆ ಬಣ್ಣ ಹಾಕಿಸಿಕೊಳ್ಳುವವರು ಚರ್ಮದ ಪರೀಕ್ಷೆಗಾಗಿ ಎರಡು ದಿನ ಮುಂಚೆ ಬನ್ನಿ.

"ಈ ಸಾಲು ಬೇಡ," ಎಂದಳು ಮೇಡಂ.

"ಅದು ಬೇಕು ಮೇಡಂ. ಕಿವಿ ಹಿಂದೆ ಒಂದು ಚೂರು ಹಚ್ಚಿ ಎರಡು ದಿನ ನೋಡ್ಬೇಕು ಅಂತ ಡಬ್ಬಿ ಮೇಲೇ ಇದೆ."

"ಡಬ್ಬಿ ಮೇಲೆ ಇದೆ, ಸರಿ. ಡಬ್ಬಿ ಯಾರು ಓದ್ತಾರೆ? ಮೂರು ದಿನದ ಆಫರ್‌ಗೆ ಎರಡು ದಿನ ಮುಂಚೆ ಬನ್ನಿ ಅಂದ್ರೆ ಯಾರು ಬರ್ತಾರೆ? ಪರೀಕ್ಷೆ ಅನ್ನೋ ಮಾತು ಕೇಳಿದ್ರೇ ಜನ ಹೆದರ್ತಾರೆ. ನಮ್ಮದು ಅಮೋನಿಯಾ ಇಲ್ಲದ ಬಣ್ಣ ತಾನೆ? ಅದನ್ನ ದಪ್ಪಕ್ಷರದಲ್ಲಿ ಹಾಕಿ."

ಅಮೋನಿಯಾಕ್ಕೂ ತುರಿಕೆಗೂ ಸಂಬಂಧವಿಲ್ಲ ಎಂಬುದು ನೂಲಕ್ಕನಿಗೆ ಗೊತ್ತಿತ್ತು. ಕೂದಲು ಕಪ್ಪಾಗಿಸುವ ರಾಸಾಯನಿಕವೇ ಬೇರೆ, ಕೆಲವರ ಮೈಗೆ ಆಗದಿರುವುದೂ ಅದೇ. ಕಂಪನಿಯವರು ನಡೆಸಿದ ತರಬೇತಿಯಲ್ಲಿ ಅದನ್ನು ಎರಡು ಸಲ ಹೇಳಿದ್ದರು. ಹಳೆಯ ಅಂಗಡಿಯಲ್ಲೂ ಪರೀಕ್ಷೆ ಮಾಡುತ್ತಿದ್ದುದು ಅಷ್ಟಕ್ಕಷ್ಟೇ ಎಂಬುದೂ ನಿಜ. ಆದರೆ ಅಲ್ಲಿ ಬರುತ್ತಿದ್ದವರು ವರ್ಷಗಟ್ಟಲೆ ಅದೇ ಬಣ್ಣ ಹಾಕಿಸಿಕೊಂಡ ತಲೆಗಳು. ಇಲ್ಲಿ ಬರುವವು ಹೊಸ ತಲೆಗಳು. ಇದನ್ನೆಲ್ಲ ಹೇಳಬೇಕೆಂದು ಅವಳು ಬಾಯಿ ತೆರೆದಳು. ಮೇಡಂ ಅಷ್ಟರಲ್ಲಿ ಆ ಸಾಲನ್ನು ಅಳಿಸಿ, ಅಲ್ಲಿ ಒಂದು ನಗುವ ಮುಖ ಹಾಕಿ, "ನೋಡಿ, ಎಷ್ಟು ಚೆನ್ನಾಗಿ ಕಾಣ್ತಿದೆ," ಎಂದು ಫೋನು ತೋರಿಸಿದಳು.

"ಸರಿ ಮೇಡಂ," ಎಂದಳು ನೂಲಕ್ಕ. ತೆರೆದ ಬಾಯಿಂದ ಹೊರಬಿದ್ದದ್ದು ಅಷ್ಟೇ.

ಮರುದಿನ ಕಾರ್ಡುಗಳು ಅಚ್ಚಾಗಿ ಬಂದವು. ಕಾರ್ಡಿನ ಹಿಂದೆ 'ನಿಮ್ಮನ್ನು ಕಳಿಸಿದವರು' ಎಂದು ಒಂದು ಖಾಲಿ ಗೆರೆ. ಅಲ್ಲಿ ಹೆಸರು ಬರೆದುಕೊಟ್ಟರೆ ಲೆಕ್ಕ ಅವರದು. ನೂಲಕ್ಕ ಔಷಧದ ಅಂಗಡಿ, ಜಿಮ್ಮಿನ ಕೌಂಟರು, ಶಾಲೆಯ ಗೇಟಿನ ಹತ್ತಿರ ಕಾಯುವ ತಾಯಂದಿರು, ಯಾರನ್ನೂ ಬಿಡಲಿಲ್ಲ. ಕೊನೆಗೆ ಹೋದದ್ದು ಬಟ್ಟೆ ಹೊಲಿಯುವ ಅಂಗಡಿಗೆ. ಅಲ್ಲಿ ಅವಳ ಅತ್ತಿಗೆ ಅಳತೆ ತೆಗೆಯುತ್ತಿದ್ದಳು.

ಅತ್ತಿಗೆ ಎಂದರೆ ಬರಿಯ ಅಣ್ಣನ ಹೆಂಡತಿಯಲ್ಲ. ನೂಲಕ್ಕನಿಗೆ ಹನ್ನೆರಡು ತುಂಬುವ ಮೊದಲೇ ತಾಯಿ ತೀರಿಕೊಂಡಾಗ, ಹೊಸದಾಗಿ ಮನೆಗೆ ಬಂದಿದ್ದ ಇಪ್ಪತ್ತರ ಅತ್ತಿಗೆಯೇ ಅವಳ ತಲೆ ಬಾಚಿ ಶಾಲೆಗೆ ಕಳಿಸಿದವಳು. ಪಾರ್ಲರ್ ಕೆಲಸ ಎಂದಾಗ ಅಣ್ಣ ಮುಖ ಸಿಂಡರಿಸಿದರೆ, ತನ್ನ ಹುಬ್ಬನ್ನು ಮುಂದೊಡ್ಡಿ, "ಮೊದಲು ನನ್ನದರ ಮೇಲೆ ಕಲಿ ಪುಟ್ಟಿ, ಹೋದ್ರೆ ಹೋಯ್ತು, ಮತ್ತೆ ಬೆಳೆಯುತ್ತೆ," ಎಂದವಳು. ಒಂದು ತಿಂಗಳು ಒಂದು ಹುಬ್ಬು ಮೇಲೆ ಒಂದು ಹುಬ್ಬು ಕೆಳಗೆ ಇಟ್ಟುಕೊಂಡು ಓಡಾಡಿದ್ದಳು.

ಕಾರ್ಡಿನ ಕಟ್ಟು ಕೈಗೆ ಬಂದದ್ದೇ ತಡ, ಅತ್ತಿಗೆ ಅದನ್ನು ತನ್ನದೇ ಕೆಲಸವೆಂಬಂತೆ ಹಚ್ಚಿಕೊಂಡಳು. ರವಿಕೆಯ ಅಳತೆಗೆ ಬಂದವರ ಕುತ್ತಿಗೆಗೆ ಟೇಪು ಸುತ್ತಿ, ಅವರು ಅಲುಗಾಡದಂತೆ ನಿಂತಿರುವಾಗ, "ನಮ್ಮ ಹುಡುಗಿ ಪಾರ್ಲರ್ ಶುರುಮಾಡ್ತಿದ್ದಾಳೆ, ಬರ್ಲೇಬೇಕು," ಎನ್ನುತ್ತಿದ್ದಳು. ಯಾರು ಇಲ್ಲವೆಂದಾರು? ತೆರೆಯುವ ದಿನ ಬರುವಷ್ಟರಲ್ಲಿ ಅವಳ ಹೆಸರಿನಲ್ಲಿ ಹನ್ನೊಂದು ಜನ ಸಮಯ ಗೊತ್ತುಮಾಡಿಕೊಂಡಿದ್ದರು. ಮೇಡಂ ಪಟ್ಟಿ ನೋಡಿ, "ಇವರು ಯಾರು ನೂಲಕ್ಕ? ಇಂಥವರು ಇನ್ನಿಬ್ಬರಿದ್ರೆ ಪೋಸ್ಟರೇ ಬೇಕಾಗಿರ್ಲಿಲ್ಲ," ಎಂದಳು. ಆ ಮಾತನ್ನು ನೂಲಕ್ಕ ಅತ್ತಿಗೆಗೆ ಮುಟ್ಟಿಸಿದಳು. ಅತ್ತಿಗೆ ನಾಚಿಕೊಂಡಳು.

ಶುಕ್ರವಾರ ಬಾಗಿಲು ತೆರೆದಾಗ ಹೊರಗೆ ಮೆಟ್ಟಿಲ ತನಕ ಜನ. ಮೂರು ಕುರ್ಚಿ, ನೂಲಕ್ಕ, ಅವಳೇ ಬೇರೆ ಪಾರ್ಲರಿನಿಂದ ಕರೆತಂದ ಇಬ್ಬರು ಹುಡುಗಿಯರು. ಅರ್ಧ ಬೆಲೆಗೆ ಎಲ್ಲರಿಗೂ ಬೇಕಾದದ್ದು ಬಣ್ಣ. ಬಟ್ಟಲಲ್ಲಿ ಬಣ್ಣ ಕಲಸು, ಬ್ರಷ್ಷಿನಿಂದ ಹಚ್ಚು, ಮೂವತ್ತೈದು ನಿಮಿಷ ಕೂರಿಸು, ತೊಳೆ, ಮುಂದಿನವರನ್ನು ಕರೆ. ಸಂಜೆಯ ಹೊತ್ತಿಗೆ ನೂಲಕ್ಕನ ಕೈಗವಸಿನೊಳಗೆ ಬೆರಳುಗಳು ನೀರಿನಲ್ಲಿ ನೆನೆದಂತಾಗಿದ್ದವು. ಹಿಂದೆ ಬಣ್ಣ ಹಾಕಿಸಿಕೊಂಡಿದ್ದೀರಾ, ಏನಾದರೂ ತೊಂದರೆಯಾಗಿತ್ತೇ ಎಂದು ಮೊದಲ ನಾಲ್ಕೈದು ಜನರನ್ನು ಕೇಳಿದಳು. ಆಮೇಲೆ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತಿಗೆ ಬಂದಳು. ಅಂಗಡಿಯಿಂದ ಒಂದೂವರೆ ಗಂಟೆ ರಜೆ ಕೇಳಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಉಚಿತ ಬಣ್ಣ ಅವಳ ಹಕ್ಕಾಗಿತ್ತು. ಐವತ್ತನ್ನು ಮುಟ್ಟುತ್ತಿದ್ದ ಅವಳ ಬೈತಲೆಯ ಎರಡೂ ಕಡೆ ಬೆಳ್ಳಗಾಗಿತ್ತು. ಪಾರ್ಲರಿನ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಬೇರೆಯವರ ಕೈಗೆ ಕೊಡ್ಬೇಡ, ನೀನೇ ಹಚ್ಚು," ಎಂದಳು.

ನೂಲಕ್ಕ ಅವಳ ಕೂದಲು ಬಿಚ್ಚಿದಳು. "ಅತ್ತಿಗೆ, ಮುಂಚೆ ಯಾವಾಗ್ಲಾದ್ರೂ ಬಣ್ಣ ಹಾಕಿದ್ರಾ?"

"ಹೋದ ವರ್ಷ ಮನೇಲಿ ಒಂದು ಸಲ. ಅಂಗಡಿ ಪುಡಿ. ನಿಮ್ಮಣ್ಣ ತಂದಿದ್ದ."

"ಆಗ ಏನೂ ಆಗ್ಲಿಲ್ವಾ?"

"ಕಿವಿ ಹತ್ರ ಎರಡು ದಿನ ತುರಿಕೆ. ಆಮೇಲೆ ಹೋಯ್ತು. ಅದು ಅಗ್ಗದ್ದು, ಬಿಡು. ನಿಮ್ಮದರಲ್ಲಿ ಅದೇನೋ ಇಲ್ಲ ಅಂತ ಬರ್ದಿದೀರಲ್ಲ."

ಬ್ರಷ್ಷು ಹಿಡಿದ ನೂಲಕ್ಕನ ಕೈ ಒಂದು ಕ್ಷಣ ನಿಂತಿತು. ಮೊದಲ ಸಲ ತುರಿಸಿದ ಮೈ ಎರಡನೆಯ ಸಲ ಸುಮ್ಮನಿರುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದವರ ಮುಖವೂ ನೆನಪಾಯಿತು. ಇವತ್ತು ಬೇಡ ಅತ್ತಿಗೆ, ಕಿವಿ ಹಿಂದೆ ಒಂದು ಚೂರು ಹಚ್ಚಿ ಕಳಿಸ್ತೀನಿ, ಸೋಮವಾರ ನೋಡೋಣ ಎನ್ನಬಹುದಿತ್ತು. ಆದರೆ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ನಾಲ್ವರು ಅತ್ತಿಗೆ ಕಳಿಸಿದವರೇ. ಕಳಿಸಿದವಳಿಗೇ ಪರೀಕ್ಷೆ ಬೇಕು ಎಂದರೆ ಅವರು ಎದ್ದು ಹೋಗುತ್ತಾರೆ. ಕೌಂಟರಿನ ಹತ್ತಿರ ನಿಂತಿದ್ದ ಮೇಡಂ ಗಡಿಯಾರ ನೋಡುತ್ತಿದ್ದಳು. ಅತ್ತಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

ನೂಲಕ್ಕ ಹಚ್ಚಿದಳು. ಅತ್ತಿಗೆ ಹತ್ತು ವರ್ಷ ಚಿಕ್ಕವಳಾಗಿ ಮನೆಗೆ ಹೋದಳು. ಹೋಗುವ ಮುಂಚೆ ಮೇಡಂ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದು, 'ನಮ್ಮ ಮೊದಲ ಬಹುಮಾನ ವಿಜೇತೆ' ಎಂದು ಎಲ್ಲರಿಗೂ ಕಳಿಸಿದಳು.

ಭಾನುವಾರ ಬೆಳಿಗ್ಗೆ ಫೋನು ಬಂತು. "ತಲೆ ಉರೀತಿದೆ ಪುಟ್ಟಿ. ಹಣೆ ಯಾಕೋ ದಪ್ಪ ಆದಂಗಿದೆ."

ನೂಲಕ್ಕನ ಮುಂದೆ ಒಬ್ಬಳ ತಲೆ ಅರ್ಧ ಬಣ್ಣದಲ್ಲಿತ್ತು. ಕಾಯುತ್ತಿದ್ದವರು ಹದಿನಾಲ್ಕು ಜನ. "ಶಾಂಪೂ ಹಾಕಿ ಚೆನ್ನಾಗಿ ತೊಳ್ಕೊಳ್ಳಿ ಅತ್ತಿಗೆ. ತಣ್ಣೀರು ಬಟ್ಟೆ ಇಡಿ. ಜಾಸ್ತಿ ಆದ್ರೆ ಡಾಕ್ಟರ್ ಹತ್ರ ಹೋಗಿ. ಸಂಜೆ ಬರ್ತೀನಿ ನಾನು."

ಸಂಜೆ ಅವಳು ಹೋಗಲಿಲ್ಲ. ಆಫರಿನ ಕೊನೆಯ ದಿನವಾಗಿತ್ತು. ಬಾಗಿಲು ಹಾಕಿದ ಮೇಲೆ ಕಾಲು ನೆಲಕ್ಕೆ ಊರಲಾಗದೆ ಮನೆಗೆ ಹೋಗಿ ಬಿದ್ದುಕೊಂಡಳು. ಸೋಮವಾರ ಬೆಳಿಗ್ಗೆ ಏಳಕ್ಕೆ ಅಣ್ಣ ಫೋನ್ ಮಾಡಿ ಆಸ್ಪತ್ರೆಯ ಹೆಸರು ಮಾತ್ರ ಹೇಳಿ ಇಟ್ಟುಬಿಟ್ಟ.

ವಾರ್ಡಿನ ಮೂರನೆಯ ಮಂಚದಲ್ಲಿ ಮಲಗಿದ್ದವಳನ್ನು ನೂಲಕ್ಕ ದಾಟಿ ಮುಂದೆ ಹೋದಳು. ಅಣ್ಣ ಕರೆದ ಮೇಲೆ ತಿರುಗಿ ಬಂದಳು. ಮುಖ ಎನ್ನುವುದು ಇರಲಿಲ್ಲ. ಹಣೆ, ಕೆನ್ನೆ, ರೆಪ್ಪೆ ಎಲ್ಲ ಒಂದಾಗಿ ಊದಿ ಕಣ್ಣುಗಳ ಜಾಗದಲ್ಲಿ ಎರಡು ಗೆರೆ ಉಳಿದಿದ್ದವು. ಕಿವಿಯ ಅಂಚಿನಿಂದ, ಬೈತಲೆಯಿಂದ ಹಳದಿ ನೀರು ಒಸರಿ ದಿಂಬಿಗೆ ಅಂಟಿತ್ತು. ಕಪ್ಪು ಕೂದಲು ಮಾತ್ರ ಮಿರಿ ಮಿರಿ ಹೊಳೆಯುತ್ತಿತ್ತು.

"ರಾತ್ರಿ ಉಸಿರು ಸಿಗದೆ ಒದ್ದಾಡಿದ್ಳು," ಎಂದ ಅಣ್ಣ. "ಇನ್ನೊಂದು ಗಂಟೆ ತಡ ಆಗಿದ್ರೆ ಗಂಟಲು ಮುಚ್ಕೊಳ್ತಿತ್ತಂತೆ. ತಲೆಗೆ ಏನು ಹಚ್ಚಿದ್ರಿ ಅಂತ ಡಾಕ್ಟರ್ ಕೇಳಿದ್ರು. ನನ್ನ ತಂಗಿ ಹಚ್ಚಿದ್ಳು ಅಂದೆ."

ಅದಕ್ಕಿಂತ ಹೆಚ್ಚು ಅವನು ಬಯ್ಯಲಿಲ್ಲ.

ಮಧ್ಯಾಹ್ನ ಮೇಡಂ ಆಸ್ಪತ್ರೆಗೆ ಬಂದಳು. ಹಣ್ಣು ತಂದಿದ್ದಳು. ಬಾಗಿಲಿಂದಲೇ ಒಮ್ಮೆ ನೋಡಿ, ನೂಲಕ್ಕನನ್ನು ಕಾರಿಡಾರಿಗೆ ಕರೆದು ಚೀಲದಿಂದ ಒಂದು ಹಾಳೆ ತೆಗೆದಳು. ಗಿರಾಕಿಯ ಒಪ್ಪಿಗೆ ಪತ್ರ. ಚರ್ಮದ ಪರೀಕ್ಷೆಯ ಬಗ್ಗೆ ತಿಳಿಸಲಾಗಿದೆ, ತನ್ನ ಇಚ್ಛೆಯಿಂದ ಬೇಡವೆಂದಿದ್ದೇನೆ ಎಂಬ ಸಾಲಿನ ಮುಂದೆ ಆಗಲೇ ಗುರುತು ಹಾಕಿತ್ತು. ಶನಿವಾರದ ತಾರೀಖು ಬರೆದಿತ್ತು. ಸಹಿಯ ಜಾಗ ಖಾಲಿ.

"ಇದನ್ನ ಅವತ್ತೇ ತಗೋಬೇಕಿತ್ತು ನೂಲಕ್ಕ. ಗಡಿಬಿಡೀಲಿ ಮರ್ತುಹೋಯ್ತು. ಅವರು ದೂರು ಕೊಡೋವರಲ್ಲ, ನಿಮ್ಮ ಮನೆಯವರು, ಗೊತ್ತು. ಆದ್ರೆ ಆಸ್ಪತ್ರೆಯವರು ಎಲ್ಲಾದ್ರೂ ಬರೆದ್ರೆ? ಹಚ್ಚಿದ್ದು ನಾನಲ್ಲ, ನೀವು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಈಗ ಹೇಗೆ ಕೇಳ್ಲಿ ಮೇಡಂ?"

"ಇಬ್ಬರು ಹುಡುಗಿಯರನ್ನ ಹಳೇ ಕೆಲಸ ಬಿಡಿಸಿ ಕರ್ಕೊಂಡು ಬಂದಿದೀರಿ. ಶಾಖೆ ಮುಚ್ಚಿದ್ರೆ ಅವರ ಗತಿ ಏನು, ಯೋಚಿಸಿ."

ಮೇಡಂ ಹೊರಟುಹೋದಳು. ಅಣ್ಣ ಔಷಧ ತರಲು ಕೆಳಗೆ ಹೋಗಿದ್ದ. ನೂಲಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಹಾಳೆಯ ಕೆಳಗೆ ಇಡಲು ಏನೂ ಸಿಗದೆ ಊಟದ ತಟ್ಟೆಯ ಮುಚ್ಚಳ ಇಟ್ಟುಕೊಂಡಳು.

"ಅತ್ತಿಗೆ, ಒಂದು ಸಹಿ ಬೇಕಾಗಿತ್ತು."

ಅತ್ತಿಗೆ ದನಿ ಬಂದ ಕಡೆ ತಲೆ ತಿರುಗಿಸಿದಳು. ತುಟಿಯೂ ಊದಿದ್ದರಿಂದ ಮಾತು ಅಸ್ಪಷ್ಟವಾಗಿತ್ತು. "ಆಸ್ಪತ್ರೆಯವರದ್ದಾ?"

ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ಕೂದಲೆಳೆಯ ಅಂತರ. "ಹೂಂ," ಎಂದಳು ನೂಲಕ್ಕ.

"ಕಣ್ಣು ಕಾಣ್ತಿಲ್ಲ. ಎಲ್ಲಿ ಅಂತ ಕೈ ಹಿಡಿದು ಇಡು."

ನೂಲಕ್ಕ ಆ ಕೈ ಹಿಡಿದು ಪೆನ್ನಿನ ತುದಿಯನ್ನು ಗೆರೆಯ ಮೇಲೆ ಇಟ್ಟಳು. ಅತ್ತಿಗೆ ನಿಧಾನವಾಗಿ ತನ್ನ ಹೆಸರು ಬರೆದಳು. ಕೊನೆಯ ಅಕ್ಷರ ಹಾಳೆಯ ಅಂಚು ದಾಟಿ ಮುಚ್ಚಳದ ಮೇಲೆ ಹೋಯಿತು. "ಸರಿ ಬಂತಾ?" ಎಂದು ಕೇಳಿದಳು.

ಹಾಳೆ ಆ ಸಂಜೆಯೇ ಮೇಡಂ ಕೈ ಸೇರಿತು. ಮೇಡಂ ಅದನ್ನು ಫೈಲಿನಲ್ಲಿಟ್ಟು, ಆಫರನ್ನು ಇನ್ನೊಂದು ವಾರ ಮುಂದುವರಿಸೋಣ, ಜನ ಕೇಳುತ್ತಿದ್ದಾರೆ ಎಂದಳು. ಹೊಸ ಸಂದೇಶಕ್ಕೆ ಹಾಕಿದ್ದು ಅತ್ತಿಗೆಯ ಅದೇ ಫೋಟೋ. ನೂಲಕ್ಕ ಅದನ್ನಾದರೂ ತೆಗೆಯಿರಿ ಎಂದು ಬೇಡಿಕೊಂಡಳು. ಮೇಡಂ ತೆಗೆದಳು, ಆದರೆ ಆಗಲೇ ಅದು ಮುನ್ನೂರು ಫೋನುಗಳಿಗೆ ಹೋಗಿತ್ತು.

ಬುಧವಾರ ಅತ್ತಿಗೆಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸು ಪಾರ್ಲರಿಗೆ ಬಂದಳು. ಭಾನುವಾರ ಬಣ್ಣ ಹಾಕಿಸಿಕೊಂಡವಳು. ಅವಳ ಎರಡೂ ಕಿವಿ ಕೆಂಪಾಗಿ, ಕತ್ತಿನ ಹಿಂದೆ ಸಣ್ಣ ಗುಳ್ಳೆಗಳೆದ್ದಿದ್ದವು. ಅವಳ ಕೈಯಲ್ಲಿ ಕಾರ್ಡ್ ಇತ್ತು. ನಿಮ್ಮನ್ನು ಕಳಿಸಿದವರು ಎಂಬ ಗೆರೆಯ ಮೇಲೆ ಅತ್ತಿಗೆಯ ಹೆಸರು, ಅತ್ತಿಗೆಯದೇ ದುಂಡು ಅಕ್ಷರದಲ್ಲಿ.

"ಅವಳಿಗೆ ಹೇಳೋಣ ಅಂದ್ರೆ ಕೆಲಸಕ್ಕೂ ಬಂದಿಲ್ಲ, ಫೋನೂ ತೆಗೀತಿಲ್ಲ," ಎಂದಳು ಹೆಂಗಸು. "ಇದು ತಾನಾಗಿ ಹೋಗುತ್ತಾ? ಅಳತೆಯವಳನ್ನ ನಂಬಿ ಬಂದೆ ನಾನು."

ನೂಲಕ್ಕ ಅವಳನ್ನು ಕರೆದುಕೊಂಡು ಡಾಕ್ಟರ್ ಹತ್ತಿರ ಹೋದಳು. ಗುಳಿಗೆ, ಮುಲಾಮು ಬರೆದುಕೊಟ್ಟು, ಬೇಗ ಬಂದಿದ್ದಕ್ಕೆ ಉಳಿದುಕೊಂಡಿರಿ ಎಂದರು ಡಾಕ್ಟರು. ಹೆಂಗಸನ್ನು ಬಸ್ಸು ಹತ್ತಿಸಿ ನೂಲಕ್ಕ ಪಾರ್ಲರಿಗೆ ಮರಳಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಫೋನು ತೆಗೆದಳು. ಪ್ರಕಟಣೆಯನ್ನು ಅವಳು ಯಾರು ಯಾರಿಗೆ ಕಳಿಸಿದ್ದಳೋ ಆ ನೂರನಲವತ್ತು ಜನರ ಪಟ್ಟಿ ಹಾಗೇ ಇತ್ತು. ಬಹಳ ಹೊತ್ತು ಬರೆದಳು, ಅಳಿಸಿದಳು, ಮತ್ತೆ ಬರೆದಳು.

'ನಮ್ಮ ಹೊಸ ಶಾಖೆಯಲ್ಲಿ ಕೂದಲಿಗೆ ಬಣ್ಣ ಹಾಕಿಸಿಕೊಂಡವರಿಗೆ. ಪರೀಕ್ಷೆ ಮಾಡದೆ ಹಾಕಿದ್ದೇವೆ. ತುರಿಕೆ, ಉರಿ, ಊತ ಇದ್ದರೆ ಕಾಯದೆ ಇವತ್ತೇ ಡಾಕ್ಟರಿಗೆ ತೋರಿಸಿ. ಒಬ್ಬರು ಆಸ್ಪತ್ರೆಯಲ್ಲಿದ್ದಾರೆ. ಅವರಿಗೆ ಹಚ್ಚಿದವಳು ನಾನು. ಬಣ್ಣಕ್ಕೆ ಸಮಯ ಗೊತ್ತುಮಾಡಿಕೊಂಡವರು ದಯವಿಟ್ಟು ಬರಬೇಡಿ.'

ಕಳಿಸಿದಳು. ಎರಡು ನಿಮಿಷಕ್ಕೆ ಫೋನು ಹೊಡೆದುಕೊಳ್ಳತೊಡಗಿತು. ಒಬ್ಬರು ಧನ್ಯವಾದ ಹೇಳಿದರು. ಮೂವರು ತಮಗೂ ತುರಿಕೆಯಿದೆ ಎಂದರು. ಉಳಿದವರು ಬಯ್ದರು. ಮುಂಚೆ ಬಾಯಿಗೆ ಏನಾಗಿತ್ತು ಎಂದು ಒಬ್ಬಳು ಕೇಳಿದಳು.

ಮೇಡಂ ಫೋನ್ ಮಾಡಿದಳು, ಕೂಗಾಡಲಿಲ್ಲ. "ನಾಳೆಯಿಂದ ಬರ್ಬೇಡಿ. ಸಹಿ ಮಾಡಿದ ಪತ್ರ ನನ್ನ ಹತ್ರ ಇದೆ. ನಾನೇ ಹಚ್ಚಿದ್ದು ಅಂತ ನೀವೇ ಕೈಯಾರೆ ಬರ್ಕೊಟ್ಟಿದೀರಿ. ಅದೂ ಇದೆ," ಎಂದಳು ಅಷ್ಟೇ. ವಾರದೊಳಗೆ ಹೊಸ ಶಾಖೆಯ ಬಾಗಿಲು ಮುಚ್ಚಿತು. ಇಬ್ಬರು ಹುಡುಗಿಯರಲ್ಲಿ ಒಬ್ಬಳು ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸಿ ಹೋದಳು.

ಅತ್ತಿಗೆ ಹನ್ನೆರಡನೆಯ ದಿನ ಮನೆಗೆ ಬಂದಳು. ಊತ ಇಳಿದಿತ್ತು. ತಲೆಯ ಹುಣ್ಣಿಗೆ ಸೋಂಕು ತಗುಲಿ ಬಲಗಡೆ ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. ಅಲ್ಲಿ ಇನ್ನು ಕೂದಲು ಬರುವುದಿಲ್ಲ ಎಂದಿದ್ದರು. ಅಳತೆಯ ಕೆಲಸಕ್ಕೆ ಸದ್ಯ ಬರಬೇಡ, ಗಿರಾಕಿಗಳು ಮುಜುಗರಪಡುತ್ತಾರೆ ಎಂದು ಹೊಲಿಗೆ ಅಂಗಡಿಯವರು ಹೇಳಿ ಕಳಿಸಿದ್ದರು. ಅವಳು ಕಳಿಸಿದ ಹನ್ನೊಂದು ಜನರಲ್ಲಿ ನೋಡಲು ಬಂದವರು ಇಬ್ಬರು.

ನೂಲಕ್ಕ ಹೋದಾಗ ಅಣ್ಣ ಬಾಗಿಲು ತೆಗೆದು ಒಳಗೆ ಹೋದ. ಅತ್ತಿಗೆ ಕಿಟಕಿಯ ಹತ್ತಿರ ಕುಳಿತಿದ್ದಳು. ಮುಲಾಮು ಹಚ್ಚಲು ತೊಡಕಾಗುತ್ತದೆಂದು ಅಣ್ಣ ಮನೆಯ ಕತ್ತರಿಯಿಂದಲೇ ಉಳಿದ ಕೂದಲನ್ನು ಕತ್ತರಿಸಿದ್ದ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ, ಹಿಂದೆ ಮೆಟ್ಟಿಲು ಮೆಟ್ಟಿಲು.

"ನಿಮ್ಮಿಂದ ಸಹಿ ತಗೊಂಡೆನಲ್ಲ ಅತ್ತಿಗೆ," ಎಂದಳು ನೂಲಕ್ಕ, ಕುಳಿತುಕೊಳ್ಳದೆ. "ಅದು ಆಸ್ಪತ್ರೆಯವರದ್ದಲ್ಲ. ಪಾರ್ಲರಿನದ್ದು. ಪರೀಕ್ಷೆ ಬೇಡ ಅಂತ ನೀವೇ ಅಂದ್ರಿ ಅಂತ ಬರೆದಿತ್ತು."

ಅತ್ತಿಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು. "ಗೊತ್ತು. ನಿಮ್ಮಣ್ಣ ಡಿಸ್ಚಾರ್ಜ್ ದಿನ ಆಸ್ಪತ್ರೆಯವರನ್ನ ಕೇಳಿದ. ಇವಳ ಕೈಲಿ ಎಷ್ಟು ಕಡೆ ಸಹಿ ಮಾಡಿಸಿದ್ರಿ ಅಂತ. ಎಲ್ಲದಕ್ಕೂ ನಿಮ್ಮಣ್ಣನೇ ಮಾಡಿದ್ದು, ನನ್ನ ಹತ್ರ ಒಂದೂ ತಗೊಂಡಿಲ್ಲ ಅಂದ್ರು. ನೀನು ತಂದದ್ದು ಪಾರ್ಲರಿನದ್ದೇ ಅಂತ ಆಗ ಗೊತ್ತಾಯ್ತು."

ನೂಲಕ್ಕ ಒಂದು ಹೆಜ್ಜೆ ಹತ್ತಿರ ಬಂದಳು.

"ವಿಷಯ ಹೇಳಿ ಕೇಳಿದ್ರೂ ಸಹಿ ಹಾಕ್ತಿದ್ದೆ ಪುಟ್ಟಿ. ನಿನ್ನ ಕೆಲಸ ಉಳೀಲಿ ಅಂತ ಹಾಕ್ತಿದ್ದೆ. ಅಷ್ಟು ಗೊತ್ತಿರ್ಲಿಲ್ವಾ ನಿನಗೆ?"

ಹೊರಗೆ ಯಾರೋ ಗೇಟು ತೆಗೆದು ಹಾಕಿದ ಸದ್ದಾಯಿತು. ನೂಲಕ್ಕನ ಕಣ್ಣು ಅತ್ತಿಗೆಯ ಕತ್ತಿನ ಹಿಂದಿನ ಒರಟು ಮೆಟ್ಟಿಲುಗಳ ಮೇಲೆ ನಿಂತಿತ್ತು. ಕತ್ತರಿ ಸಿಕ್ಕರೆ ಐದು ನಿಮಿಷದ ಕೆಲಸ. ಹುಣ್ಣಿಗೆ ತಾಕದಂತೆ ಸಮ ಮಾಡಿ, ಗಾಯ ಕಾಣದ ಹಾಗೆ ಎಡಗಡೆಯ ಕೂದಲನ್ನು ತಿರುಗಿಸಬಹುದು. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ. ಕೈ ತಾನಾಗಿ ಮುಂದೆ ಹೋಯಿತು.

"ಬೇಡ," ಎಂದಳು ಅತ್ತಿಗೆ, ಬಲು ಮೆತ್ತಗೆ. "ಮುಟ್ಬೇಡ."

ನೂಲಕ್ಕ ಕೈ ಹಿಂದೆ ತೆಗೆದುಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟಳು.